ಒಂದೇ ಊರಿನ ಹತ್ತಾರು ಹುಲಿಗೆಮ್ಮರು: ಹೆಸರು ತೆಗೆದೂ ದಾಖಲೆ ಜೋಡಿಸಿದ್ದು ಹೀಗೆ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಮಳೆ ನಂಬಿದ ಹಳ್ಳಿಗಳಿಂದ ಗುಳೆ ಹೋಗುವವರ ಸಾಲದ ಬಗ್ಗೆ ನಾವು ಒಂದು ಅಧ್ಯಯನ ಮಾಡಿದೆವು. ಒಬ್ಬರನ್ನೇ ಮೂರು ಸಲ ಮಾತನಾಡಿಸಬೇಕಿತ್ತು. ಗುಳೆ ಹೊರಡುವ ಮೊದಲು ಊರಲ್ಲಿ ಒಂದು ಸುತ್ತು. ಬೆಂಗಳೂರು, ಮಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾಗ ಫೋನಿನಲ್ಲಿ ಇನ್ನೊಂದು. ಮುಂಗಾರು ಬಿತ್ತನೆಗೆ ವಾಪಸ್ ಬಂದ ಮೇಲೆ ಮೂರನೆಯದು. ಮೇಸ್ತ್ರಿ ಹತ್ತಿರ ಎಷ್ಟು ಮುಂಗಡ ತಗೊಂಡರು, ಅದರಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಅಂತ ಒಬ್ಬೊಬ್ಬರದ್ದೂ ಗೊತ್ತಾಗಬೇಕಿತ್ತು.

ಮೇಸ್ತ್ರಿ ಸಾಮಾನ್ಯವಾಗಿ ಅದೇ ಊರಿನವನು. ತನ್ನ ಬಗ್ಗೆ ಯಾರು ಏನು ಹೇಳಿದರು ಅಂತ ಅವನಿಗೆ ತಿಳಿದರೆ ಮುಂದಿನ ವರ್ಷ ಆ ಮನೆಗೆ ಕೆಲಸವೂ ಇಲ್ಲ, ಮುಂಗಡವೂ ಇಲ್ಲ. ಹಾಗಾಗಿ ಡೇಟಾ ಬೇರೆ ಸಂಶೋಧಕರ ಕೈಗೆ ಹೋಗುವ ಮೊದಲು ಹೆಸರು ಹೋಗಲೇಬೇಕು. ಆದರೆ ಹೆಸರಿನ ಕಾಲಂ ಸುಮ್ನೆ ಅಳಿಸಿಬಿಟ್ಟರೆ ಮೂರು ಸುತ್ತಿನ ಉತ್ತರಗಳು ಮೂರು ದಿಕ್ಕಾಗುತ್ತವೆ. ಹೆಸರಿನ ಜಾಗದಲ್ಲಿ ಒಬ್ಬರಿಗೆ ಒಂದೇ ಕೋಡ್ ಬರಬೇಕು, ಮೂರೂ ಸುತ್ತಿನಲ್ಲಿ ಅದೇ ಇರಬೇಕು. ಅದನ್ನು ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ. ಉದಾಹರಣೆಗಳಲ್ಲಿರುವ ಹೆಸರು, ವಿವರ ಎಲ್ಲ ಬದಲಿಸಿದ್ದೇನೆ.

ಮೊದಲು ಎಲ್ಲರೂ ಹೇಳುವ ದಾರಿ ಎಂದರೆ ಹ್ಯಾಷ್. ಹೆಸರನ್ನು ಒಂದು ಸೂತ್ರಕ್ಕೆ ಕೊಟ್ಟರೆ ಉದ್ದದ ಅಂಕಿ-ಅಕ್ಷರಗಳ ಸರ ಬರುತ್ತದೆ. ಅದರಿಂದ ಹೆಸರಿಗೆ ಹಿಂದಕ್ಕೆ ಹೋಗಲು ಆಗುವುದಿಲ್ಲ, ಅದೇ ಹೆಸರಿಗೆ ಯಾವಾಗಲೂ ಅದೇ ಸರ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಕೆಲಸಕ್ಕೆ ಇದು ಎರಡು ಕಡೆಯಿಂದಲೂ ಕೆಟ್ಟದ್ದು.

ಒಂದು, ಹಿಂದಕ್ಕೆ ಹೋಗುವ ಅಗತ್ಯವೇ ಇಲ್ಲ. ಮತದಾರರ ಪಟ್ಟಿ ಯಾರಿಗೆ ಬೇಕಾದರೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು ಎಲ್ಲ ಅದರಲ್ಲಿದೆ. ಒಂದು ಊರಿನ ಅಷ್ಟೂ ಹೆಸರನ್ನು ಅದೇ ಸೂತ್ರಕ್ಕೆ ಹಾಕಿ, ಬಂದ ಸರಗಳನ್ನು ನಮ್ಮ ಫೈಲಿನ ಜೊತೆ ಹೋಲಿಸಿದರೆ ಮುಗಿಯಿತು. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಅದು ಕ್ಷಣದ ಕೆಲಸ. 2014ರಲ್ಲಿ ನ್ಯೂಯಾರ್ಕ್ ನಗರದ ಟ್ಯಾಕ್ಸಿ ಡೇಟಾಗೆ ಆದದ್ದು ಇದೇ. 17 ಕೋಟಿಗೂ ಹೆಚ್ಚು ಪ್ರಯಾಣಗಳ ಆ ಫೈಲಿನಲ್ಲಿ ಟ್ಯಾಕ್ಸಿ ನಂಬರುಗಳನ್ನು ಬರೀ ಹ್ಯಾಷ್ ಮಾಡಿದ್ದರು. ಇರಬಹುದಾದ ನಂಬರುಗಳೇ ಕಡಿಮೆ, ಎಲ್ಲವನ್ನೂ ಹ್ಯಾಷ್ ಮಾಡಿ ನೋಡಿದವರಿಗೆ ಅಸಲಿ ನಂಬರುಗಳು ಸಿಕ್ಕಿಬಿಟ್ಟವು.

ಎರಡನೆಯ ತೊಂದರೆ ನಮ್ಮ ಕಡೆಯ ಹೆಸರುಗಳದ್ದು. ಹುಲಿಗಿಯ ಅಮ್ಮನಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಒಂದು ಊರಿನಲ್ಲೇ ಹತ್ತಾರು ಹುಲಿಗೆಮ್ಮರು ಇರುತ್ತಾರೆ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿರುವುದರಿಂದ ಒಂದೇ ಮನೆಯಲ್ಲಿ ಇಬ್ಬರು ಸಿಗುತ್ತಾರೆ. ಹ್ಯಾಷ್ ಇವರೆಲ್ಲರಿಗೂ ಒಂದೇ ಕೋಡ್ ಕೊಡುತ್ತದೆ. ಅದೇ ಒಬ್ಬ ಹುಲಿಗೆಮ್ಮಳನ್ನು ಒಬ್ಬರು ಹುಲಗೆಮ್ಮ ಅಂತ, ಇನ್ನೊಬ್ಬರು ಹುಲಿಗೆವ್ವ ಅಂತ ಬರೆದರೆ ಒಬ್ಬಾಕೆ ಮೂರು ಜನ ಆಗುತ್ತಾಳೆ.

ಅದಕ್ಕೇ ನಾವು ಕೆಲಸದ ಕ್ರಮವನ್ನೇ ತಿರುಗಿಸಿದೆವು. ಯಾರು ಯಾರು ಅಂತ ಮೊದಲು ಹೆಸರು ಇರುವಾಗಲೇ ತೀರ್ಮಾನ ಆಗಬೇಕು. ಆಮೇಲೆ ಕೋಡ್. ಕೋಡ್ ಕೊಡುವುದು ಮನುಷ್ಯರಿಗೆ, ಹೆಸರಿನ ಕಾಗುಣಿತಕ್ಕಲ್ಲ.

ಹೆಸರು ಹೋಲಿಸುವ ಮುಂಚೆ ಕಣ್ಣಿಗೆ ಕಾಣದ ವ್ಯತ್ಯಾಸಗಳನ್ನು ತೆಗೆಯಬೇಕು. ಕೊಟ್ರಮ್ಮ ಅನ್ನುವ ಹೆಸರಿನ ‘ಕೊ’ ಯೂನಿಕೋಡ್‌ನಲ್ಲಿ ಎರಡು ರೀತಿ ಕೂರಬಹುದು. ಒಂದೇ ಸ್ವರ ಚಿಹ್ನೆಯಾಗಿ, ಇಲ್ಲವೇ ಎರಡು ಚಿಹ್ನೆ ಸೇರಿ. ಪರದೆಯ ಮೇಲೆ ಎರಡೂ ಒಂದೇ ಥರ, ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ ಹೆಸರು. ಒತ್ತಕ್ಷರ ಬಿಡಿಸಲು ಕೆಲವು ಕೀಬೋರ್ಡ್‌ಗಳು ಸೇರಿಸುವ ಅಗಲವಿಲ್ಲದ ಅಕ್ಷರಗಳೂ ಹೀಗೇ ಕಾಡುತ್ತವೆ. ಇದಕ್ಕೆ ಇಷ್ಟು ಸಾಕು:

```python
import re, unicodedata
def norm(s):
    s = unicodedata.normalize("NFC", s)
    s = re.sub("[\u200b\u200c\u200d]", "", s)
    return " ".join(s.split())
```

ಹೀಗೆ ಶುದ್ಧ ಮಾಡಿದ ಹೆಸರನ್ನು ಹೋಲಿಕೆಗೆ ಮಾತ್ರ ಬಳಸಿದೆವು, ಮೂಲ ಕಾಲಂ ಹಾಗೇ ಉಳಿಯಿತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಆದ ಫೈಲ್ ಇದ್ದರೆ ಮೊದಲು ಯೂನಿಕೋಡ್‌ಗೆ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಇದರಿಂದ ಏನೂ ಉಪಯೋಗವಿಲ್ಲ.

ಈಗ ಒಂದು ಮನೆಯನ್ನೇ ನೋಡೋಣ. ಮೊದಲ ಸುತ್ತಿನಲ್ಲಿ ಹುಲಿಗೆಮ್ಮ, ವಯಸ್ಸು 30, ಗಂಡ ಯಮನೂರಪ್ಪ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಗಂಡುಮಗ, ಮುಂಗಡ 40,000 ರೂಪಾಯಿ. ಫೋನ್ ಸುತ್ತಿನಲ್ಲಿ ಅದೇ ಊರಿನ ಹುಲಿಗೆವ್ವ, ವಯಸ್ಸು 35, ಗಂಡ ಯಮನೂರ, ಮೂರು ಮಕ್ಕಳು, ಫೋನ್ ನಂಬರ್ ಬೇರೆ. ಮೂರನೇ ಸುತ್ತಿನಲ್ಲಿ ಹುಲಗೆಮ್ಮ, ಆದರೆ ಮನೆ ನಂಬರ್ ಹೊಸದು. ಇವರು ಒಬ್ಬರೇನಾ?

ವಯಸ್ಸನ್ನು ನಾವು ಹೆಚ್ಚು ನಂಬಲಿಲ್ಲ. ನಮ್ಮ ಕಡೆ ಕೇಳಿದರೆ ಮೂವತ್ತು, ಮೂವತ್ತೈದು, ನಲವತ್ತು ಅಂತ ದುಂಡು ಲೆಕ್ಕವೇ ಜಾಸ್ತಿ. ಐದು ವರ್ಷದ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಫೋನ್ ನಂಬರ್ ಗಂಡನದ್ದೋ ಮೈದುನನದ್ದೋ ಆಗಿರುತ್ತದೆ, ಗುಳೆ ಹೋದಾಗ ಸಿಮ್ಮೂ ಬದಲಾಗುತ್ತದೆ. ಗಟ್ಟಿಯಾಗಿ ನಿಲ್ಲುವುದು ಮಕ್ಕಳ ವಿವರ. ಎಷ್ಟು ಮಕ್ಕಳು, ಗಂಡೋ ಹೆಣ್ಣೋ, ಯಾವ ಕ್ರಮದಲ್ಲಿ ಹುಟ್ಟಿದರು ಅನ್ನುವುದು ಮೂರು ಸುತ್ತಿನಲ್ಲೂ ಹೊಂದಿದರೆ ಅದಕ್ಕೆ ತೂಕ ಹೆಚ್ಚು. ಆಮೇಲೆ ಗಂಡನ ಹೆಸರು, ತವರೂರು. ಮನೆ ನಂಬರ್ ಬದಲಾದದ್ದಕ್ಕೂ ಕಾರಣ ಸಿಕ್ಕಿತು. ಅಣ್ಣತಮ್ಮಂದಿರು ಬೇರೆ ಆಗಿದ್ದರು, ಅತ್ತೆಯ ದಾಖಲೆಯಲ್ಲೇ ಅದು ಇತ್ತು. ಅಲ್ಲಿಗೆ ಮೂವರೂ ಒಬ್ಬರೇ ಅಂತ ಆಯಿತು. ಇದೇ ಕಾರಣಕ್ಕೆ ಕೋಡಿನೊಳಗೆ ಮನೆ ನಂಬರನ್ನಾಗಲೀ ಊರನ್ನಾಗಲೀ ಸೇರಿಸಲಿಲ್ಲ. ಯಾವ ಸುತ್ತಿನಲ್ಲಿ ಯಾರು ಯಾವ ಮನೆಯಲ್ಲಿದ್ದರು ಅನ್ನುವುದು ಪ್ರತ್ಯೇಕ ಪಟ್ಟಿ.

ಅನುಮಾನದ ಜೋಡಿಗಳನ್ನು ಇಬ್ಬರು ಬೇರೆ ಬೇರೆ ಕೂತು ನೋಡಿದೆವು, ಹೊಂದದಿದ್ದಾಗ ಮಾತ್ರ ಒಟ್ಟಿಗೆ ಕೂತೆವು. ಇದು ಸಮಯ ತಿನ್ನುವ ಕೆಲಸ. ಆದರೂ ಇಲ್ಲಿ ಅವಸರ ಮಾಡಬಾರದು ಅಂತ ಖಚಿತವಾಗಿ ಹೇಳುತ್ತೇನೆ. ಇಬ್ಬರನ್ನು ಒಬ್ಬರೆಂದು ಜೋಡಿಸಿದರೆ ಒಬ್ಬಾಕೆಯ ಸಾಲ ಇನ್ನೊಬ್ಬಾಕೆಯ ಲೆಕ್ಕಕ್ಕೆ ಸೇರುತ್ತದೆ. ಒಬ್ಬರನ್ನು ಇಬ್ಬರೆಂದು ಬಿಟ್ಟರೆ, ಎಷ್ಟೋ ಜನ ಅಧ್ಯಯನದಿಂದಲೇ ಕಳೆದುಹೋದ ಹಾಗೆ ಕಾಣುತ್ತದೆ. ಹಾಗೆ ಕಳೆದುಹೋಗುವವರು ಯಾರೋ ಅಲ್ಲ, ಫೋನಿನಲ್ಲಿ ಹೆಸರು ತಪ್ಪಾಗಿ ಕೇಳಿಸಿದವರು. ಅಂದರೆ ಊರು ಬಿಟ್ಟು ದೂರ ಹೋದವರೇ. ನಾವು ಹುಡುಕುತ್ತಿದ್ದದ್ದು ಅವರ ಕಥೆಯನ್ನೇ ಅಲ್ವಾ?

ಜೋಡಣೆ ಸರಿಯಾಗಿದೆಯಾ ಅಂತ ತಿಳಿಯಲು ಕೆಲವು ಗುರುತುಗಳಿವೆ. ಒಂದೇ ಸುತ್ತಿನಲ್ಲಿ ಒಂದು ಕೋಡ್ ಎರಡು ಸಲ ಬರಬಾರದು. ಗಂಡು ಹೆಣ್ಣಾಗಬಾರದು. ದೊಡ್ಡ ಮಗಳು ಇದ್ದಕ್ಕಿದ್ದಂತೆ ಮಾಯವಾಗಬಾರದು. ಮದುವೆಯಾಗಿ ಹೋಗಿದ್ದರೆ ಅದಕ್ಕೆ ದಾಖಲೆ ಇರಬೇಕು. ಇದಕ್ಕಿಂತ ಉಪಯೋಗಕ್ಕೆ ಬಂದದ್ದು, ಜೋಡಿ ಸಿಗದ ಹೆಸರುಗಳನ್ನು ಸರ್ವೆ ಮಾಡಿದವರ ಪ್ರಕಾರ ಎಣಿಸಿದ್ದು. ಒಬ್ಬರ ಪಟ್ಟಿಯಲ್ಲಿ ಮಾತ್ರ ಅಂಥವು ತುಂಬಾ ಇದ್ದವು. ಅವರು ಮಾತಿನಲ್ಲಿ ಕೇಳಿದ ಹಾಗೆ ಎಲ್ಲ ‘ಅಮ್ಮ’ಗಳನ್ನೂ ‘ಅವ್ವ’ ಅಂತ ಬರೆಯುತ್ತಿದ್ದರು. ಅದು ಗೊತ್ತಾದ ಮೇಲೆ ಅವರ ಪಟ್ಟಿಯನ್ನು ಪೂರ್ತಿ ಇನ್ನೊಮ್ಮೆ ನೋಡಿದೆವು.

ಕೋಡ್ ಮಾಡುವುದು ಮಾತ್ರ ಸುಲಭ. 31 ಅಕ್ಷರ-ಅಂಕಿಗಳಿಂದ ಆರು ಸ್ಥಾನದ ಕೋಡನ್ನು ಕಂಪ್ಯೂಟರೇ ಮನಸ್ಸಿಗೆ ಬಂದಂತೆ ಆರಿಸುತ್ತದೆ, `K7M3QX` ಅನ್ನುವ ಹಾಗೆ. ಸೊನ್ನೆ, ಒಂದು, ಅವುಗಳ ಹಾಗೇ ಕಾಣುವ ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟಿದ್ದೇವೆ. 88 ಕೋಟಿಗೂ ಹೆಚ್ಚು ಕೋಡ್ ಸಾಧ್ಯ. ಹೆಸರಿಂದ ಹುಟ್ಟದ ಕೋಡ್ ಆದ್ದರಿಂದ ಮತದಾರರ ಪಟ್ಟಿ ಇಟ್ಟುಕೊಂಡು ಎಷ್ಟು ಲೆಕ್ಕ ಹಾಕಿದರೂ ಹೆಸರು ಸಿಗುವುದಿಲ್ಲ. ಕ್ರಮಸಂಖ್ಯೆ ಬೇಡ ಅಂದದ್ದಕ್ಕೆ ಕಾರಣ, ಓಣಿಯ ಸಾಲಿನ ಪ್ರಕಾರ ಸರ್ವೆ ನಡೆದಿರುತ್ತದೆ, ಸಂಖ್ಯೆ ನೋಡಿದರೆ ಮನೆ ಗೊತ್ತಾಗುತ್ತದೆ.

ಹೆಸರು ಮತ್ತು ಕೋಡ್ ಎರಡೂ ಇರುವ ಕೀಲಿ ಪಟ್ಟಿ ಒಂದೇ ಇದೆ. ಅದನ್ನು ಎನ್‌ಕ್ರಿಪ್ಟ್ ಮಾಡಿ, ಡೇಟಾ ಇರುವ ಕಂಪ್ಯೂಟರ್ ಬಿಟ್ಟು ಬೇರೆ ಕಡೆ ಇಟ್ಟಿದ್ದೇವೆ. ಪಾಸ್‌ವರ್ಡ್ ಇಬ್ಬರಿಗಷ್ಟೇ ಗೊತ್ತು. ಜೋಡಣೆ ತಪ್ಪೆಂದು ಮುಂದೆ ತಿಳಿದರೆ ಹಳೆಯ ಕೋಡನ್ನು ರದ್ದು ಮಾಡುತ್ತೇವೆ, ಇನ್ನೊಬ್ಬರಿಗೆ ಎಂದೂ ಕೊಡುವುದಿಲ್ಲ. ಯಾರಾದರೂ ‘ನನ್ನದು ತೆಗೆದುಬಿಡಿ’ ಅಂದರೆ ಅವರ ಸಾಲುಗಳನ್ನು ಹುಡುಕಿ ತೆಗೆಯಲು ಸಾಧ್ಯವಾಗುವುದೂ ಈ ಪಟ್ಟಿಯಿಂದಲೇ.

ಹ್ಯಾಷ್ ನಮಗೆ ಬೇಕಾದದ್ದು ಇದಾದ ಮೇಲೆ. ಹೊರಗಿನವರಿಗೆ ಫೈಲ್ ಕೊಡುವಾಗ ಒಳಗಿನ ಕೋಡನ್ನು ನೇರವಾಗಿ ಕೊಡುವುದಿಲ್ಲ. ಒಬ್ಬೊಬ್ಬ ಸಂಶೋಧಕರಿಗೂ ಒಂದೊಂದು ಗುಟ್ಟಿನ ಕೀಲಿ ಇಟ್ಟು, ಕೋಡಿಗೆ ಕೀಲಿ ಸೇರಿಸಿ ಹ್ಯಾಷ್ ಮಾಡುತ್ತೇವೆ.

```python
import hmac, hashlib
def out_code(key, code):
    h = hmac.new(key, code.encode(), hashlib.sha256)
    return h.hexdigest()[:12]
```

ಒಬ್ಬರ ಫೈಲಿನೊಳಗೆ ಮೂರೂ ಸುತ್ತು ಜೋಡಣೆಯಾಗುತ್ತದೆ. ಆದರೆ ಸಾಲದ ಫೈಲ್ ಪಡೆದವರೂ ಆರೋಗ್ಯದ ಫೈಲ್ ಪಡೆದವರೂ ಕೋಡ್ ಹೋಲಿಸಿ ಎರಡನ್ನೂ ಸೇರಿಸಲು ಆಗುವುದಿಲ್ಲ.

ಹೆಸರಿನ ಕಾಲಂ ಒಂದೇ ಅಲ್ಲ, ಉತ್ತರಗಳ ಒಳಗೂ ಹೆಸರುಗಳಿದ್ದವು. ‘ಯಾರ ಹತ್ತಿರ ಮುಂಗಡ ತಗೊಂಡಿರಿ’ ಎಂಬ ಪ್ರಶ್ನೆಗೆ ಮೇಸ್ತ್ರಿಯ ಹೆಸರೇ ಉತ್ತರ. ಅದನ್ನು ಅಳಿಸಿದರೆ ಒಬ್ಬನ ಹತ್ತಿರವೇ ಎಷ್ಟು ಮನೆ ಸಾಲದಲ್ಲಿವೆ ಅನ್ನುವುದು ಗೊತ್ತಾಗುವುದಿಲ್ಲ. ಜೊತೆಗೆ ಕೆಲವು ಮೇಸ್ತ್ರಿಗಳು ನಮ್ಮ ಸರ್ವೆಯಲ್ಲೂ ಇದ್ದರು. ಹಾಗಾಗಿ ಸಾಲ ಕೊಟ್ಟವರಿಗೂ ಅದೇ ಕೀಲಿ ಪಟ್ಟಿಯಿಂದಲೇ ಕೋಡ್ ಕೊಟ್ಟೆವು. ಮುಕ್ತ ಉತ್ತರಗಳನ್ನು ಮಾತ್ರ ಸಾಲು ಸಾಲಾಗಿ ಕಣ್ಣಲ್ಲೇ ಓದಿದೆವು. ‘ನಮ್ಮ ಮಾವನ ಅಣ್ಣ, ಗುಡಿ ಪೂಜಾರಿ’ ಅಂತ ಬರೆದಿದ್ದರೆ ಹೆಸರಿಲ್ಲದೆಯೂ ಗುರುತು ಸಿಗುತ್ತದೆ, ಅದನ್ನು ಯಾವ ಪ್ರೋಗ್ರಾಂ ಹಿಡಿಯುತ್ತದೆ?

ಫೈಲ್ ಸಿದ್ಧವಾದ ಮೇಲೆ ಸರ್ವೆಯಲ್ಲಿ ಇಲ್ಲದ, ಅದೇ ಊರಿನ ಒಬ್ಬ ಸಹೋದ್ಯೋಗಿಯನ್ನು ಕೂರಿಸಿ, ‘ಇದರಲ್ಲಿ ಯಾರಾದರೂ ಗುರುತು ಸಿಗುತ್ತಾರಾ ನೋಡ್ರಿ ಅಕ್ಕಾ’ ಅಂದೆ. ನಮ್ಮ ಕಚೇರಿಯವರೇ, ಮಾಹಿತಿ ಹೊರಗೆ ಹೇಳುವುದಿಲ್ಲ ಅಂತ ಬರೆದುಕೊಟ್ಟವರು. ಸ್ವಲ್ಪ ಹೊತ್ತು ಸಾಲುಗಳನ್ನು ನೋಡಿ, ‘ಅವಳಿ ಮಕ್ಕಳು, ಅದೂ ಎರಡು ಸಲ ಅಂದ್ರ ನಮ್ಮೂರಾಗ ಒಬ್ಬಾಕಿನೇ ರೀ ಸರ್. ಮುಂಗಡ ಎಷ್ಟಂತ ಈಗ ನನಗ ಗೊತ್ತಾತು’ ಅಂದರು. ಕೋಡ್ ಎಷ್ಟು ಗಟ್ಟಿಯಿದ್ದರೂ ಇದನ್ನು ತಡೆಯುವುದಿಲ್ಲ. ಹೊರಗೆ ಹೋಗುವ ಫೈಲಿನಲ್ಲಿ ಮಕ್ಕಳ ವಿವರವನ್ನು ‘ಎರಡರವರೆಗೆ’, ‘ಮೂರು ಅಥವಾ ಹೆಚ್ಚು’ ಎಂದಷ್ಟೇ ಉಳಿಸಿದೆವು. ವಯಸ್ಸನ್ನು ಐದೈದು ವರ್ಷದ ಗುಂಪು ಮಾಡಿದೆವು, ಮುಂಗಡವನ್ನು ಐದು ಸಾವಿರಕ್ಕೆ ದುಂಡು ಮಾಡಿದೆವು. ಮೇಸ್ತ್ರಿಗಳದ್ದು ಇನ್ನೂ ಕಷ್ಟ. ಊರಿನ ಅರ್ಧ ಮನೆಗಳಿಗೆ ಸಾಲ ಕೊಟ್ಟವನು ಯಾರು ಅಂತ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಊರಿನ ಹೆಸರನ್ನು ತೆಗೆದು ತಾಲ್ಲೂಕು ಮಾತ್ರ ಉಳಿಸಿದೆವು. ಮೇಸ್ತ್ರಿಗಳ ಕೋಡ್ ಇರುವ ಫೈಲನ್ನು ಯಾರಿಗೂ ಕಳಿಸುವುದಿಲ್ಲ. ಬೇಕಾದವರು ನಮ್ಮ ಕಚೇರಿಗೆ ಬಂದು, ನಮ್ಮ ಕಂಪ್ಯೂಟರಿನಲ್ಲೇ ನೋಡಿ, ಒಟ್ಟು ಲೆಕ್ಕದ ಪಟ್ಟಿಗಳನ್ನು ಮಾತ್ರ ತೆಗೆದುಕೊಂಡು ಹೋಗಬಹುದು.