ಬಿಬಿಎಂಪಿ ಐದು ಪಾಲಿಕೆ ಆದ್ಮೇಲೆ ಹಳೇ ಜನಸಂಖ್ಯೆನ ಹೊಸ ವಾರ್ಡಿಗೆ ಹಂಚಿದ್ದು – ನನ್ನ ಅನುಭವ

ನಾನು ಹಾಸನದಲ್ಲಿ ಕೂತ್ಕೊಂಡು ಮ್ಯಾಪ್ ಕೆಲಸ ಮಾಡೋನು, ಜಾಸ್ತಿ ಲೇಔಟು, ಕೆರೆ, ತೋಟದ ಸರ್ವೆ ಇಂಥವೇ. ಬೆಂಗಳೂರಿನ ಒಂದು ನಿವಾಸಿಗಳ ಗುಂಪಿನವ್ರು ಫೋನ್ ಮಾಡಿ, ಸಾರ್ ನಮ್ಗೆ ಹೊಸ ವಾರ್ಡ್ ಪ್ರಕಾರ ಜನ ಎಷ್ಟು, ಮನೆ ಎಷ್ಟು ಅಂತ ಒಂದು ಟೇಬಲ್ ಬೇಕು, ವಾರ್ಡ್ ಕಾಮಗಾರಿಗೆ ತಲಾ ಎಷ್ಟು ದುಡ್ಡು ಬೀಳ್ತಿದೆ ಅಂತ ನೋಡ್ಬೇಕು ಅಂದ್ರು. ಹಳೇ ವಾರ್ಡಿನ ಅಂಕಿ ಕೂಡಿಸಿ ಕೊಟ್ರೆ ಆಯ್ತಲ್ಲ ಅಂತ ಅವ್ರ ಲೆಕ್ಕ. ಅದು ಹಾಗೆ ಆಗಲ್ಲ, ಯಾಕೆ ಅಂತ ಬರೀತೀನಿ.

2011ರ ಜನಗಣತಿ ಆದಾಗ ಬಿಬಿಎಂಪಿಯಲ್ಲಿ 198 ವಾರ್ಡ್, ಒಟ್ಟು ಜನ 84,43,675. 2025ರ ಸೆಪ್ಟೆಂಬರ್ 2ಕ್ಕೆ ಗ್ರೇಟರ್ ಬೆಂಗಳೂರು ಕಾಯ್ದೆ ಪ್ರಕಾರ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ ಬಂತು, ನವೆಂಬರಲ್ಲಿ ಅಂತಿಮ ಆದ ವಾರ್ಡ್ 369. ಅದರಲ್ಲಿ ಪಶ್ಚಿಮಕ್ಕೇ 112, ಪೂರ್ವಕ್ಕೆ ಬರೀ 50. ವಾರ್ಡ್ ಜಾಸ್ತಿ ಆದ್ರೂ ಜನ ಹೊಸದಾಗಿ ಎಣಿಸಿಲ್ಲ, ವಾರ್ಡ್ ಗೆರೆ ಎಳೆಯೋಕೂ 2011ರ ಅಂಕಿನೇ ಆಧಾರ. ಹಾಗಾಗಿ ಸರಾಸರಿ ವಾರ್ಡಲ್ಲಿ ಸುಮಾರು 42,600 ಇದ್ದಿದ್ದು 22,900 ಆಯ್ತು ಅಷ್ಟೇ. ಕೆಲವ್ರು ಇದನ್ನ ನೋಡಿ "ಜನಸಂಖ್ಯೆ ಅರ್ಧ ಆಯ್ತು" ಅಂತ ಶೇರ್ ಮಾಡಿದ್ನ ನೋಡಿ ನಗು ಬಂತು.

ಹೊಸ ಗೆರೆ ಹಳೇ ಗೆರೆ ಮೇಲೆ ಹೋಗಿಲ್ಲ, ಹಳೇ ಒಂದು ವಾರ್ಡ್ ಎರಡು ಮೂರು ಹೊಸ ವಾರ್ಡಿಗೆ ಹರಿದು ಹಂಚಿಹೋಗಿದೆ. ಜನಗಣತಿಯವ್ರು ನಗರಕ್ಕೆ ಅಂತ ಪ್ರಕಟ ಮಾಡೋ ಅಂಕಿ ವಾರ್ಡ್ ಮಟ್ಟದ್ದು, ಮನೆ ಸಂಖ್ಯೆ, ಆರು ವರ್ಷದವರೆಗಿನ ಮಕ್ಕಳು, ಸಾಕ್ಷರರು ಎಲ್ಲ ಸಿಗತ್ತೆ, ಆದ್ರೆ ಅದೇ ಹಳೇ 198ಕ್ಕೆ. ಗಣತಿದಾರರು ಓಡಾಡಿದ ಚಿಕ್ಕ ಬ್ಲಾಕಿನ ಅಂಕಿ ನಮ್ಮಂಥೋರ ಕೈಗೆ ಬರಲ್ಲ. ಇನ್ನು ಉಳಿಯೋದು ಹಳೇ ವಾರ್ಡನ್ನ ಹೊಸ ಗೆರೆಯಿಂದ ಕತ್ತರಿಸಿ, ತುಂಡಿಗೆ ತಕ್ಕ ಪಾಲು ಕೊಡೋದು.

ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಮೊದಲು ಹಳೇ ವಾರ್ಡ್, ಹೊಸ ವಾರ್ಡ್ ಎರಡೂ ಲೇಯರನ್ನ ಮೀಟರಲ್ಲಿ ಅಳೆಯೋ EPSG:32643ಗೆ ತಂದೆ, ಇಲ್ದಿದ್ರೆ ವಿಸ್ತೀರ್ಣ ಡಿಗ್ರಿಯಲ್ಲಿ ಬಂದು ಲೆಕ್ಕ ತಲೆಕೆಳಗಾಗತ್ತೆ. ಆಮೇಲೆ ಹಳೇ ವಾರ್ಡಿಂದ ಕೆರೆ, ಮಿಲಿಟರಿ ಜಾಗ, ದೊಡ್ಡ ಪಾರ್ಕು, ರೈಲ್ವೆ ಯಾರ್ಡ್ ಇವನ್ನ ಡಿಫರೆನ್ಸ್ ಟೂಲಲ್ಲಿ ತೆಗೆದುಹಾಕಿ ಉಳಿದ ವಾಸದ ಜಾಗಕ್ಕೆ vasa_area ಅಂತ ಕಾಲಂ ಮಾಡ್ಕೊಂಡೆ, ನಂತರ ಅದನ್ನ ಹೊಸ ಗೆರೆಯಿಂದ ಕತ್ತರಿಸೋಕೆ ಇಂಟರ್‌ಸೆಕ್ಷನ್, ನಂತರ ಪ್ರತಿ ತುಂಡಿಗೆ ಇದು, TOT_P ಅಂದ್ರೆ ಹಳೇ ವಾರ್ಡಿನ ಒಟ್ಟು ಜನ:

```
"TOT_P" * area($geometry) / "vasa_area"
```

ಮನೆಗೆ ಬೇಕಂದ್ರೆ TOT_P ಜಾಗದಲ್ಲಿ No_HH. ಕೊನೆಗೆ ಹೊಸ ವಾರ್ಡ್ ಪ್ರಕಾರ ಕೂಡಿಸೋದು. ಕೂಡಿಸುವಾಗ ಬರೀ ವಾರ್ಡ್ ನಂಬರ್ ಹಿಡಿದ್ರೆ ಕೆಡತ್ತೆ, ಪಾಲಿಕೆ ಹೆಸರು ಜೊತೆಗೆ ಸೇರಿಸಿ EAST-07 ಥರ ಇಟ್ಕೊಳ್ಳಿ, ಯಾಕಂದ್ರೆ ಈಗ ಏಳನೇ ವಾರ್ಡ್ ಅಂದ್ರೆ ಯಾವ ಪಾಲಿಕೆದು ಅಂತ ಕೇಳ್ಬೇಕು.

ಕೆರೆ ತೆಗೆಯೋದು ಯಾಕೆ ಅಷ್ಟು ಮುಖ್ಯ ಅಂದ್ರೆ, ಲೆಕ್ಕಕ್ಕೆ ಅಂತ ಒಂದು ಹಳೇ ವಾರ್ಡ್ ಊಹಿಸ್ಕೊಳ್ಳಿ, 4 ಚದರ ಕಿಲೋಮೀಟರ್, 40,000 ಜನ. ಹೊಸ ಗೆರೆ ಎಳೆದಾಗ ಒಂದು ತುಂಡು 2.4, ಇನ್ನೊಂದು 1.6 ಆಯ್ತು. ಸೀದಾ ವಿಸ್ತೀರ್ಣದ ಮೇಲೆ ಹಂಚಿದ್ರೆ 24,000 ಮತ್ತು 16,000. ಆದ್ರೆ ದೊಡ್ಡ ತುಂಡಲ್ಲಿ 1.2 ಕೆರೆ ಇದೆ ಅನ್ನಿ, ಆಗ ಜನ ಇರೋ ಜಾಗ ಅಲ್ಲಿ 1.2, ಇಲ್ಲಿ 1.6. ಈಗ ಹಂಚಿದ್ರೆ ದೊಡ್ಡ ತುಂಡಿಗೆ ಸುಮಾರು 17,100, ಚಿಕ್ಕದಕ್ಕೆ 22,900, ಅಂದ್ರೆ ಯಾವುದು ದೊಡ್ಡ ವಾರ್ಡ್ ಅನ್ನೋದೇ ಅದಲುಬದಲು. ದೊಡ್ಡ ತುಂಡಿಗೆ ಎರಡು ಕೋಟಿ ಕಾಮಗಾರಿ ಬಂದಿದ್ರೆ ಮೊದಲ ಲೆಕ್ಕದಲ್ಲಿ ತಲಾ 833 ರೂಪಾಯಿ, ಎರಡನೇದ್ರಲ್ಲಿ ಸುಮಾರು 1,170. ಇದನ್ನ ಹಿಡ್ಕೊಂಡು ಯಾರಾದ್ರೂ ಇಂಜಿನಿಯರ್ ಹತ್ರ ಜಗಳಕ್ಕೆ ಹೋಗ್ತಾರೆ ಅಂದ್ಮೇಲೆ ಕೆರೆ ತೆಗೆಯೋದಕ್ಕೆ ಸೋಮಾರಿತನ ಮಾಡ್ಬಾರ್ದು.

ಇನ್ನೂ ಚೆನ್ನಾಗಿ ಮಾಡ್ಬೇಕಂದ್ರೆ ಕಟ್ಟಡಗಳ ಮೇಲೆ ಹಂಚಬಹುದು, ಕಟ್ಟಡ ದಟ್ಟ ಇರೋ ಕಡೆ ಜಾಸ್ತಿ ಜನ ಅಂತ. ಇಲ್ಲೊಂದು ಹಳ್ಳ ಇದೆ. ಈಗ ಸುಲಭವಾಗಿ ಸಿಗೋ ಕಟ್ಟಡದ ಡೇಟಾ ಇತ್ತೀಚಿನದು, ಜನ 2011ರವ್ರು. ಮಹದೇವಪುರದ ಕಡೆ ಆಮೇಲೆ ಎದ್ದ ಅಪಾರ್ಟ್‌ಮೆಂಟಿಗೆ 2011ರ ಜನರನ್ನ ಕಳಿಸಿದ್ರೆ ಪಕ್ಕದ ಹಳೇ ಊರು ಖಾಲಿ ಆಗತ್ತೆ. ಅದಕ್ಕೇ ಅನುಮಾನ ಇರೋ ಕಡೆ ಗೂಗಲ್ ಅರ್ತ್‌ನಲ್ಲಿ 2010-11ರ ಹಳೇ ಚಿತ್ರ ತೆಗೆದು, ಆವಾಗ ಇದ್ದ ಕಟ್ಟಡ ಮಾತ್ರ ಉಳಿಸ್ಕೊಂಡೆ. ಬೇಜಾರಿನ ಕೆಲಸ, ಎಲ್ಲಾ ಕಡೆ ಮಾಡೋಕೆ ಆಗ್ಲಿಲ್ಲ, ಹೊರಗಿನ ವಾರ್ಡುಗಳಿಗೆ ಮಾಡ್ದೆ. ಊರ ಮಧ್ಯದ ವಾರ್ಡುಗಳಿಗೆ ವಾಸದ ಜಾಗದ ಲೆಕ್ಕ ಸಾಕು.

ಸರಿ ಬಂತಾ ಅಂತ ತಿಳ್ಯೋದು ಹೇಗೆ? ಹಳೇ ವಾರ್ಡಿನ ತುಂಡೆಲ್ಲ ಕೂಡಿದ್ರೆ ಆ ವಾರ್ಡಿನ ಮೂಲ ಅಂಕಿ ವಾಪಸ್ ಬರ್ಬೇಕು, 369 ಕೂಡಿದ್ರೆ 84,43,675 ಬರ್ಬೇಕು. ಕಡಿಮೆ ಬಂದ್ರೆ ಹೊರಗಡಿಯಲ್ಲಿ ಎರಡು ನಕ್ಷೆ ಹೊಂದ್ತಿಲ್ಲ, ಜನ ಗೆರೆ ಆಚೆ ಬಿದ್ದುಹೋಗಿದ್ದಾರೆ ಅಂತ. ಇನ್ನು ಒಂದು ನಕ್ಷೆಯಲ್ಲಿ ಗಡಿ ರಸ್ತೆ ಮಧ್ಯ, ಇನ್ನೊಂದರಲ್ಲಿ ರಸ್ತೆ ಅಂಚಲ್ಲಿ ಇದ್ರೆ ದಾರದ ಥರ ಸಣ್ಣ ಸಣ್ಣ ತುಂಡು ಹುಟ್ಟತ್ತೆ. ಹಳೇ ವಾರ್ಡಿನ ಅರ್ಧ ಪರ್ಸೆಂಟಿಗಿಂತ ಚಿಕ್ಕ ತುಂಡನ್ನೆಲ್ಲ ಪಕ್ಕದ ದೊಡ್ಡ ತುಂಡಿಗೆ ಸೇರಿಸಿದೆ.

ಟೇಬಲ್ ಕೊಟ್ಟ ಮೇಲೆ ಆ ನಿವಾಸಿಗಳ ಗುಂಪಿನ ಮೇಡಂ ಒಬ್ರು, ಹಂಗಾದ್ರೆ ಪೂರ್ವ ಪಾಲಿಕೆ ತಲಾ ತೆರಿಗೆ ಆದಾಯದಲ್ಲಿ ಎಲ್ಲರಿಗಿಂತ ಮುಂದೆ ಅಂತ ಹಾಕಬಹುದಾ ಸಾರ್ ಅಂತ ಕೇಳಿದ್ರು. ಬೇಡ ಮೇಡಂ ಅಂದೆ. ಕೆ.ಆರ್. ಪುರ, ಮಹದೇವಪುರ ಕಡೆಯ ಆಸ್ತಿ ತೆರಿಗೆ ಜಾಸ್ತಿ ಅನ್ನೋದು ನಿಜ, ಆದ್ರೆ ಮೇಲೆ ಈ ವರ್ಷದ ತೆರಿಗೆ ಕೆಳಗೆ 2011ರ ಜನ ಇಟ್ಟು ಭಾಗಿಸಿದ್ರೆ, ಆಮೇಲೆ ಅಲ್ಲಿಗೆ ಬಂದು ಸೇರಿದವ್ರು ತೆರಿಗೆಯಲ್ಲಿ ಇದ್ದಾರೆ, ತಲೆ ಲೆಕ್ಕದಲ್ಲಿ ಇಲ್ಲ. ಜಾಸ್ತಿ ಬೆಳೆದ ಪಾಲಿಕೆ ಜಾಸ್ತಿ ಶ್ರೀಮಂತ ಥರ ಕಾಣತ್ತೆ. ಅದರ ಬದಲು ಆಸ್ತಿ ಖಾತೆ ಎಷ್ಟಿದೆ ಅದರಿಂದ ಭಾಗಿಸಿ ಅಂದೆ, ಎರಡೂ ಒಂದೇ ವರ್ಷದ್ದು.

ವರ್ಷ ಹೋಲಿಸೋದ್ರಲ್ಲೂ ಇದೇ ಥರದ ತೊಡಕು. 2025-26ರ ಬಿಬಿಎಂಪಿ ಬಜೆಟ್ ಸುಮಾರು 19,930 ಕೋಟಿ, ಆದ್ರೆ ಏಪ್ರಿಲಿಂದ ಆಗಸ್ಟ್ ತನಕ ಒಂದೇ ಪಾಲಿಕೆ, ಆಮೇಲೆ ಐದು. ಆ ವರ್ಷದ ಖರ್ಚನ್ನ ಒಂದು ಪಾಲಿಕೆ ಹೆಸರಲ್ಲಿ ಇಡೀ ವರ್ಷದ್ದು ಅಂತ ತೋರಿಸ್ಬಾರ್ದು, ಹೋಲಿಕೆ 2026-27ರಿಂದ ಶುರು ಮಾಡಿ. ದುಡ್ಡಿನ ಅಂತರ ಸಣ್ಣ ವಿಷಯ ಅಲ್ಲ, ದೆಹಲಿ ಪಾಲಿಕೆನ 2012ರಲ್ಲಿ ಮೂರು ಮಾಡಿದ್ರು, ಪೂರ್ವ ದೆಹಲಿ ಪಾಲಿಕೆಗೆ ಆದಾಯ ಸಾಲದೆ ಪೌರಕಾರ್ಮಿಕರ ಸಂಬಳಕ್ಕೇ ಪರದಾಡಿ ಮುಷ್ಕರ ಆಗಿ, 2022ರ ಮೇನಲ್ಲಿ ಮತ್ತೆ ಒಂದು ಮಾಡಿದ್ರು.

ಮುಂದಿನ ಜನಗಣತಿಗೆ 2025ರ ಡಿಸೆಂಬರ್ 31ಕ್ಕೆ ಗಡಿ ಬದಲಾಯಿಸೋದು ನಿಲ್ಲಿಸಿದ್ದಾರೆ, ಲೆಕ್ಕದ ದಿನ 2027ರ ಮಾರ್ಚ್ 1. ಅಂದ್ರೆ ಆ ಅಂಕಿ ಹೊಸ ವಾರ್ಡಿಗೆ ಬಂದ್ರೆ ನನ್ನ ಟೇಬಲ್ ಮುಂದಕ್ಕೆ ಬೇಡ, ಹಿಂದಕ್ಕೆ ಬೇಕು, 2011ರಿಂದ ಎಷ್ಟು ಬೆಳೀತು ಅಂತ ನೋಡೋಕೆ. ಅದಕ್ಕೇ ಫೈಲ್‌ನಲ್ಲಿ ಎರಡು ಕಾಲಂ ಇಟ್ಟಿದ್ದೀನಿ, ಒಂದು ಜನ ಯಾವ ವರ್ಷದ್ದು, ಇನ್ನೊಂದು ಗಡಿ ಯಾವ ವರ್ಷದ್ದು. ನಮ್ಮ ಹಾಸನದಲ್ಲಿ ಸುತ್ತಲ ಹಳ್ಳಿ ನಗರಕ್ಕೆ ಸೇರಿಸೋ ಲೆಕ್ಕಕ್ಕೂ ಇದೇ ಥರದ ಫೈಲ್ ಬಳಸ್ತಿದೀನಿ. ಇಲ್ಲಿ ಊರು ಪೂರ್ತಿ ಸೇರಿದ್ರೆ ಕತ್ತರಿಸೋ ಕೆಲಸವೇ ಇಲ್ಲ, ಜನಗಣತಿಯಲ್ಲಿ ಹಳ್ಳಿ ಅಂಕಿ ಹಾಗೇ ಸಿಗತ್ತೆ. ಒಂದು ಊರಿನ ಬರೀ ಲೇಔಟ್ ಭಾಗ ಸೇರಿಸಿದಾಗ ಮಾತ್ರ ಮತ್ತೆ ಆ 2011ರ ಹಳೇ ಚಿತ್ರ ತೆಗೀಬೇಕು.