‘ಹೂಂ’ ಆಟ: ಹೊಸ ಸರ್ವೇ ತಂಡಕ್ಕೆ ಪ್ರಶ್ನೆ ಕೇಳುವುದನ್ನು ಕಲಿಸಿದ ನನ್ನ ಅನುಭವ

ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವ ಹೊಸ ತಂಡದ ತರಬೇತಿಗೆ ಎರಡು ದಿನ ಜಾಸ್ತಿ ಬೇಕು ಅಂತ ಕೇಳಿದಾಗ ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುವವರು ಒಪ್ಪಲಿಲ್ಲ. "ಮ್ಯಾನ್ಯುಯಲ್‌ನಲ್ಲಿ ಎಲ್ಲಾ ಬರೆದಿದೆಯಲ್ಲ, ಓದಿಸಿ ಫೀಲ್ಡಿಗೆ ಕಳಿಸಿ" ಅಂದರು. ಮ್ಯಾನ್ಯುಯಲ್‌ನಲ್ಲಿ ಬರೆದಿತ್ತು ನಿಜ. ಅದನ್ನು ಓದಿದವರೇ ಹಿಂದಿನ ಸುತ್ತಿನಲ್ಲಿ ಕೊಪ್ಪಳ ಜಿಲ್ಲೆಯ ಊರುಗಳಿಂದ ಕಟ್ಟುಗಟ್ಟಲೆ ಫಾರಂ ತಂದಿದ್ದರು. ಬಸುರಿ ಹೆಂಗಸರು ಐರನ್ ಮಾತ್ರೆ ತಗೋತಾರಾ ಅನ್ನೋದು ವಿಷಯ. ದಿನಕ್ಕೊಂದರಂತೆ 180 ದಿನ ತಗೋಬೇಕು. ಫಾರಂ ಪ್ರಕಾರ ಹೆಚ್ಚುಕಮ್ಮಿ ಎಲ್ಲರೂ ದಿನಾ ತಗೋತಿದ್ದರು! ಬ್ಯಾಕ್‌ಚೆಕ್‌ಗೆ, ಅಂದರೆ ಅದೇ ಮನೆಗಳಿಗೆ ಮತ್ತೆ ಹೋಗಿ ಉತ್ತರ ತಾಳೆ ನೋಡಲು, ಹೋದ ಸೂಪರ್‌ವೈಸರ್ "ಮಾತ್ರಿ ಶೀಟ್ ತೋರಸ್ರಿ" ಅಂದಾಗ ಮನೆ ಮನೆಯಲ್ಲೂ ತುಂಬಿದ ಶೀಟುಗಳೇ ಹೊರಬಂದವು. ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಿದ್ದರು, ಹೆಂಗಸರು ಹೂಂ ಅಂದಿದ್ದರು. ಒಂದು ತಾಲ್ಲೂಕು ಪೂರ್ತಿ ಮತ್ತೆ ಮಾಡಬೇಕಾಯಿತು. ಜೀಪ್ ಬಾಡಿಗೆ, ದಿನಗೂಲಿ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ನಾನು ಕೇಳಿದ ಎರಡು ದಿನಕ್ಕೆ ಊಟ ಸೇರಿ ಹದಿನೈದು-ಹದಿನಾರು ಸಾವಿರ ಸಾಕಿತ್ತು. ಈ ಲೆಕ್ಕ ಮುಂದಿಟ್ಟ ಮೇಲೆ, ಅರೆಮನಸ್ಸಿನಿಂದ, ಹೂಂ ಅಂದರು.

ಬಂದವರು ಡಜನ್ ಜನ. ಎಂಎಸ್‌ಡಬ್ಲ್ಯೂ ಮುಗಿಸಿದವರು, ಡಿಗ್ರಿ ಮಾಡಿ ಮನೆಯಲ್ಲಿದ್ದವರು. ‘ಉತ್ತರವನ್ನು ಪ್ರಶ್ನೆಯಲ್ಲೇ ಇಡಬೇಡಿ’ ಅಂತ ಪಾಠ ಮಾಡಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಪರೀಕ್ಷೆ ಇಟ್ಟರೆ ನೂರಕ್ಕೆ ನೂರು ಬರೆಯುತ್ತಾರೆ. ಹಾಗಾಗಿ ಪಾಠ ಬಿಟ್ಟು ಆಟ ಶುರು ಮಾಡಿದೆ.

ಒಬ್ಬರ ಕೈಗೆ ಗುಟ್ಟಿನ ಕಾರ್ಡ್ ಕೊಡುತ್ತೇನೆ. ಅದರಲ್ಲಿ ಹೀಗಿರುತ್ತದೆ: ಐದು ತಿಂಗಳ ಬಸುರಿ. ವಾರಕ್ಕೆ ಎರಡು ಮೂರು ಮಾತ್ರೆ ಮಾತ್ರ ತಗೋತಾಳೆ. ತಗೊಂಡ ದಿನ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗೆ ಹೋದದ್ದು ನೋಡಿ ಹೆದರಿದ್ದಾಳೆ. ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಅತ್ತೆ ಬೇರೆ ಹೇಳಿದ್ದಾಳೆ. ಉಳಿದ ಮಾತ್ರೆ ಟ್ರಂಕಿನಲ್ಲಿವೆ. ಕಾರ್ಡ್ ಹಿಡಿದವರಿಗೆ ಕೆಲವು ನಿಯಮ. ಉತ್ತರ ಪ್ರಶ್ನೆಯೊಳಗೇ ಇದ್ದರೆ ಸುಮ್ನೆ "ಹೂಂ ರೀ" ಅನ್ನಬೇಕು. ಏನು, ಹೇಗೆ ಅಂತ ಬಿಚ್ಚಿ ಕೇಳಿದರೆ ಒಂದೇ ಒಂದು ಸಂಗತಿ ಹೇಳಬೇಕು. ಕೇಳಿದವರು ಬಾಯಿ ಹಾಕದೆ ಕಾದರೆ ಇನ್ನೊಂದು ಹೇಳಬೇಕು.

ಮೊದಲು ಕೂತ ಹುಡುಗ ತುಂಬ ಚುರುಕು. "ಅಕ್ಕಾರ, ಐರನ್ ಮಾತ್ರಿ ದಿನಾ ತಗೋತೀರಲ್ಲ?" "ಹೂಂ ರೀ." "ಏನೂ ತ್ರಾಸ ಆಗಿಲ್ಲಲ್ಲ?" "ಹೂಂ ರೀ." "ಭಾಳ ಚಲೋ ಆತು." ಎರಡು ನಿಮಿಷದಲ್ಲಿ ಸಂದರ್ಶನ ಮುಗಿಯಿತು. ಅವನು ಬರೆದುಕೊಂಡದ್ದನ್ನು ಓದಿಸಿ, ಆಮೇಲೆ ಕಾರ್ಡ್ ಓದಿಸಿದೆ. ಕೋಣೆಯೆಲ್ಲ ನಗು.

ಆಮೇಲೆ ಬಂದ ಹುಡುಗಿ, ಅದೇ ಕಾರ್ಡ್, ಬೇರೆ ದಾರಿ ಹಿಡಿದಳು. ಅವಳೂ ಕಥೆ ಕೇಳಿಸಿಕೊಂಡಿದ್ದಳು ನಿಜ, ಆದರೆ ಕಾರ್ಡಿನ ಒಂದು ಶಬ್ದವನ್ನೂ ತಾನಾಗಿ ಬಳಸಕೂಡದು ಅಂತ ಷರತ್ತು ಹಾಕಿದ್ದೆ. "ಮಾತ್ರಿ ಕೊಟ್ಟ ಮ್ಯಾಲೆ ಏನು ಮಾಡಿದ್ರಿ, ಹೇಳ್ರಿ." "ಒಂದಿಷ್ಟು ತಗೊಂಡೆ ರೀ." "ಒಂದಿಷ್ಟು ಅಂದ್ರ?" "ವಾರಕ್ಕ ಎರಡು ಮೂರು." ಹುಡುಗಿ ಸುಮ್ಮನೆ ಬರೆದುಕೊಳ್ಳುತ್ತ ಕೂತಳು. "ತಗೊಂಡ ದಿನ ಹೊಟ್ಟಿ ತೊಳಸ್ತೈತ್ರಿ." ಅಲ್ಲಿಂದ ಅತ್ತೆಯ ಮಾತಿನವರೆಗೂ ಹೋದಳು. ಟ್ರಂಕ್ ಮಾತ್ರ ಸಿಗಲಿಲ್ಲ.

ಆಟದಲ್ಲಿ ಗೆದ್ದವರು ಫೀಲ್ಡಿನಲ್ಲಿ ಮತ್ತೆ ಹಳೇ ಚಾಳಿಗೇ ಬಿದ್ದರು. ಬಿಸಿಲು, ಅಳುವ ಮಗು, ಇನ್ನೂ ನಾಲ್ಕು ಮನೆ ಬಾಕಿ, ಆಗ ಬಾಯಿಗೆ ಬರುವುದು "ಬ್ಯಾರೆ ಏನೂ ಇಲ್ಲಲ್ರಿ?" ಅಂತಲೇ. ಹಾಗೆ ಕೇಳಿದರೆ ‘ಇಲ್ಲ’ ಅಂದುಬಿಡು ಅಂತ ಬೇಡಿಕೊಂಡ ಹಾಗೆ. ಅದಕ್ಕೇ ರೆಕಾರ್ಡಿಂಗ್ ಹಿಡಿದೆ. ಮನೆಯವರ ಒಪ್ಪಿಗೆ ತಗೊಂಡು ಫೋನಿನಲ್ಲೇ ರೆಕಾರ್ಡ್ ಮಾಡುವುದು, ಸಂಜೆ ತಮ್ಮದೇ ಸಂದರ್ಶನ ತಾವೇ ಕೇಳಿ ಬರೆಯುವುದು. ಮೊದಲ ಸಲ ಪೂರ್ತಿ ಬರೆಯಲು ಹೇಳಿದಾಗ ಮಧ್ಯರಾತ್ರಿ ಆಯಿತು, ಮರುದಿನ ಇಬ್ಬರು ಬರಲೇ ಇಲ್ಲ. ಆಮೇಲೆ ಐದೇ ನಿಮಿಷಕ್ಕೆ ಇಳಿಸಿದೆ, ಯಾವ ಐದು ಅಂತ ನಾನು ಆರಿಸುತ್ತೇನೆ. ಶುರುವಿನದು ಬೇಡ, ಅಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಹೆಂಗಸು ಮೊದಲ ಸಲ ತಡವರಿಸಿದ ಜಾಗದಿಂದ ಮುಂದಿನದು ಬೇಕು.

ಬರೆದ ಮೇಲೆ ಕೆಂಪು ಪೆನ್ನು. ಫಾರಂನಲ್ಲಿ ಇಲ್ಲದ, ಆಕೆಯ ಬಾಯಿಂದಲೂ ಮೊದಲು ಬರದ ಯಾವ ಶಬ್ದ ನಿಮ್ಮ ಮರುಪ್ರಶ್ನೆಯಲ್ಲಿ ಇದ್ದರೂ ಅದರಡಿ ಗೆರೆ. ಆಕೆ "ಸರಿ ಅನಸ್ಲಿಲ್ಲ" ಅಂದರೆ "ವಾಂತಿ ಬಂತೇನ್ರಿ?" ಅನ್ನುವ ಹಾಗಿಲ್ಲ. "ಸರಿ ಅನಸ್ಲಿಲ್ಲ ಅಂದ್ರ ಹ್ಯಾಂಗ್ರಿ?" ಅನ್ನಬೇಕು. "ಒಳ್ಳೇದು", "ಅಯ್ಯೋ ಪಾಪ", ಇವಕ್ಕೂ ಗೆರೆ. ಒಮ್ಮೆ ಶಭಾಷ್ ಅನ್ನಿಸಿಕೊಂಡವಳು ಮುಂದಿನ ಉತ್ತರವನ್ನೂ ಶಭಾಷ್ ಸಿಗುವ ಹಾಗೇ ಕೊಡುತ್ತಾಳೆ. ಅದರ ಬದಲು "ಹೂಂ, ಹೇಳ್ರಿ" ಸಾಕು. "ಯಾಕ ತಗೊಳ್ಳಿಲ್ಲ?" ಅನ್ನುವುದನ್ನೂ ಬಿಡಿಸಿದೆ, ಬೈದ ಹಾಗೆ ಕೇಳುತ್ತದೆ. "ತಗೊಳ್ಳಲಾರದ ದಿನ ಏನಾಗಿತ್ತು, ಹೇಳ್ರಿ" ಅಂದರೆ ಕಾರಣ ತಾನಾಗಿ ಬರುತ್ತದೆ. ಮೊದಲ ದಿನ ಹತ್ತು ಮರುಪ್ರಶ್ನೆಗಳಲ್ಲಿ ಆರೇಳು ಕೆಂಪಾಗುತ್ತಿದ್ದವು. ಎರಡನೇ ವಾರಕ್ಕೆ ಒಂದೋ ಎರಡೋ.

ಸುಮ್ಮನಿರುವುದು ಕಲಿಸಲು ಇನ್ನೂ ಕಷ್ಟವಾಯಿತು. ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸಿ ಆಮೇಲೆ ಬಾಯಿ ತೆರೆಯಿರಿ ಅಂದೆ. ಹುಡುಗರು ಎಣಿಸುತ್ತ ಆಕೆಯ ಮುಖವನ್ನೇ ದಿಟ್ಟಿಸಿದರು. ಹೆಂಗಸರು ಸೆರಗು ಸರಿಮಾಡಿಕೊಂಡು ಒಳಗೆ ಎದ್ದುಹೋದರು. ಈಗ ಎಣಿಸುವಾಗ ಕಣ್ಣು ನೋಟ್‌ಬುಕ್ ಮೇಲಿರಬೇಕು, ಪೆನ್ನು ಓಡುತ್ತಿರಬೇಕು, ಬರೆಯಲು ಏನೂ ಇಲ್ಲದಿದ್ದರೂ.

ಮೊದಲು ಆರೋಗ್ಯ ಕೆಲಸದಲ್ಲಿದ್ದ ಒಬ್ಬಾಕೆಗೆ ಬುದ್ಧಿ ಹೇಳದೆ ಇರಲು ಆಗುತ್ತಲೇ ಇರಲಿಲ್ಲ. "ತಗೋಬೇಕ್ರಿ ಅಕ್ಕಾರ, ರಕ್ತ ಕಡಿಮಿ ಆದ್ರ ಹೆಂಗ?" ಅಂತ ಮಧ್ಯದಲ್ಲೇ ಶುರು. ಬೇಡ ಅಂದರೆ ಕೇಳಲಿಲ್ಲ, ಅವಳ ಕಾಳಜಿಯೂ ಸುಳ್ಳಲ್ಲ. ರೆಕಾರ್ಡರ್ ಆಫ್ ಆಗಿ ಫಾರಂ ಮುಚ್ಚಿದ ಮೇಲೆ ಎಷ್ಟು ಬೇಕಾದರೂ ಹೇಳು ಅಂತ ಬಿಟ್ಟೆ. ಆಮೇಲೆ ತಡೆದುಕೊಂಡಳು.

ನಡುವೆ ಒಂದು ಕುತೂಹಲಕ್ಕೆ ಅರ್ಧ ತಂಡಕ್ಕೆ ಪ್ರಶ್ನೆಯ ಮುಂದೆ "ಭಾಳ ಮಂದಿಗೆ ದಿನಾ ತಗೊಳ್ಳಾಕ ಆಗಂಗಿಲ್ಲ" ಅಂತ ಸೇರಿಸಿ ಕೇಳಲು ಹೇಳಿದೆ. ಆ ಕಡೆ ‘ಬಿಟ್ಟಿದ್ದೆ’ ಅನ್ನುವವರು ತುಂಬ ಜಾಸ್ತಿ ಬಂದರು. ಆದರೆ ಶೀಟಿನಲ್ಲಿ ಉಳಿದ ಮಾತ್ರೆ ಎಣಿಸಿದರೆ, ಕೆಲವರು ತಗೊಂಡಿದ್ದರೂ ಇಲ್ಲ ಅಂದಿದ್ದರು. ಅದೂ ಎಳೆಯುತ್ತದೆ, ಇನ್ನೊಂದು ದಿಕ್ಕಿಗೆ. ಈಗ "ಕೆಲವರು ದಿನಾ ತಗೋತಾರ, ಕೆಲವರಿಗೆ ಆಗಂಗಿಲ್ಲ, ನಿಮ್ದು ಹ್ಯಾಂಗ್ರಿ?" ಅಂತ ಎರಡೂ ಸೇರಿಸಿ ಕೇಳಿಸುತ್ತೇವೆ, ಜೊತೆಗೆ "ನಿನ್ನೆ?" ಅಂತ ಒಂದು ಪ್ರಶ್ನೆ, ಕೊನೆಗೆ ಶೀಟ್ ಎಣಿಕೆ. ಶೀಟ್ ನೋಡುವುದು ಕೊನೆಗೇ. ಮೊದಲೇ ಕೇಳಿದರೆ ಪೊಲೀಸರು ಬಂದ ಹಾಗೆ ಆಗುತ್ತದೆ.

ಈ ಸುತ್ತಿನ ಬ್ಯಾಕ್‌ಚೆಕ್‌ನಲ್ಲಿ ಹತ್ತಕ್ಕೆ ಎಂಟರಷ್ಟು ಮನೆಗಳಲ್ಲಿ ಫಾರಂ ಮತ್ತು ಶೀಟ್ ಹೊಂದಿದವು. ಯಾವ ಊರಿಗೂ ಮತ್ತೆ ಜೀಪ್ ಕಳಿಸಲಿಲ್ಲ. ಒಪ್ಪದಿದ್ದವರು ಈಗ ಬೇರೆ ಜಿಲ್ಲೆಯ ತಂಡಕ್ಕೂ ಕಾರ್ಡ್ ಕೇಳುತ್ತಿದ್ದಾರೆ.

ಇದ್ಯಾವುದೂ ಕೆಲಸ ಮಾಡದ ಜಾಗವೆಂದರೆ ಅತ್ತೆಯೋ ಆಶಾ ಕಾರ್ಯಕರ್ತೆಯೋ ಪಕ್ಕದಲ್ಲೇ ಕೂತ ಮನೆ. ಪ್ರಶ್ನೆ ಎಷ್ಟು ಸರಿಯಿದ್ದರೂ ಉತ್ತರ ಅವರ ಕಡೆ ನೋಡಿಯೇ ಬರುತ್ತದೆ. ಅಲ್ಲಿಗೆ ಇಬ್ಬರನ್ನು ಕಳಿಸುತ್ತೇವೆ. ಒಬ್ಬರು ಅತ್ತೆಯನ್ನು ಹೊರಗೆ ಕರೆದು ರೇಷನ್ ಕಾರ್ಡ್, ಹೊಲ, ಎಮ್ಮೆ ಅಂತ ಮನೆ ವಿವರದ ಪುಟ ತುಂಬಿಸುತ್ತಾರೆ. ಅದು ಹೇಗೂ ತುಂಬಲೇಬೇಕಾದ ಪುಟ. ಹದಿನೈದು ನಿಮಿಷ ಸಿಗುತ್ತದೆ, ಎಮ್ಮೆ ಇದ್ದರೆ ಇಪ್ಪತ್ತು.