ಫ್ರೀಸ್ಟೈಲ್ ಈಜು: ಮೊದಲು ಕೊಕ್ಕೆ, ಆಮೇಲೆ ತಿರುವು

ಬಾವಿಯಲ್ಲಿ ಈಸು ಕಲಿತವರಿಗೆ ಈಜುಕೊಳ ಯಾವ ಲೆಕ್ಕ ಅಂತ ನಾನೂ ಅಂದುಕೊಂಡಿದ್ದೆ. ನಾನು ಕಲಿತದ್ದು ಅಣ್ಣಿಗೇರಿ ಕಡೆಯ ಒಂದು ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು. ಮುಳುಗದೆ ಮೆಟ್ಟಿಲು ಸೇರಿದರೆ ಪಾಸ್, ಅಷ್ಟೇ. ನಲವತ್ತು ದಾಟಿದ ಮೇಲೆ ಧಾರವಾಡದ ಒಂದು ಈಜುಕೊಳಕ್ಕೆ ಹೋಗಲು ಶುರು ಮಾಡಿದೆ. 25 ಮೀಟರ್ ದಾಟಲು 30 ಸಲ ಕೈ ಹೊಡೆಯುತ್ತಿದ್ದೆ, 36 ಸೆಕೆಂಡ್ ಬೇಕಾಗುತ್ತಿತ್ತು. ಆಮೇಲೆ ಗೋಡೆ ಹಿಡಿದು ಎರಡು ನಿಮಿಷ ಏದುಸಿರು. ಪಕ್ಕದ ಲೇನ್‌ನಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ನನ್ನ ಅರ್ಧದಷ್ಟು ಕೈ ಹೊಡೆದು, ನನಗಿಂತ ಮೊದಲೇ ಆಚೆ ಮುಟ್ಟುತ್ತಿದ್ದಳು.

ಒಂದು ವಾರ ನೋಡಿದ ಕೋಚ್ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೇಳಿದರು: "ಏನ್ರಿ ಸರ, ನೀರಿನ ಜೋಡಿ ಜಗಳಾ ತಗದೀರೇನು? ಕೈಯಾಗ ಜೋರ್ ಐತಿ, ಆದ್ರ ನೀರು ಕೈಗೆ ಸಿಗವಲ್ದು."

ಈ ಲೇಖನ ಆ ಒಂದು ಮಾತಿನ ಬಗ್ಗೆ. ಹೇಗೋ 25 ಮೀಟರ್ ದಾಟುತ್ತೀರಿ, ಆದರೆ ಕೈ ಬೀಸಿದಷ್ಟು ಮೈ ಮುಂದೆ ಹೋಗುವುದಿಲ್ಲ ಅನ್ನುವವರಿಗೆ ಇದು. ಇನ್ನೂ ತೇಲಲು ಬಾರದವರು ಮೊದಲು ಅದನ್ನು ಕಲಿತು ಬನ್ನಿ.

ಕೈ ನೀರನ್ನು ಎತ್ತ ತಳ್ಳುತ್ತಿದೆ?

ನೀರನ್ನು ಹಿಂದಕ್ಕೆ ತಳ್ಳಿದರೆ ಮೈ ಮುಂದಕ್ಕೆ ಹೋಗುತ್ತದೆ. ಕೆಳಕ್ಕೆ ತಳ್ಳಿದರೆ ಮೈ ಮೇಲಕ್ಕೆ ಏಳುತ್ತದೆ. ಇಡೀ ವಿಷಯ ಇಷ್ಟೇ, ಆದರೆ ಎಲ್ಲರೂ ಎಡವುವುದು ಇಲ್ಲೇ. ಹೊಸಬರು ಕೈ ಮುಂದೆ ಚಾಚಿ, ಮೊಣಕೈ ಮಡಚದೆ, ಬಾವಿಯ ರಾಟೆಯಂತೆ ತೋಳನ್ನು ಸುತ್ತುತ್ತಾರೆ. ಆ ಸುತ್ತಿನ ಮೊದಲ ಭಾಗದಲ್ಲಿ ಅಂಗೈ ನೆಲದ ಕಡೆ ನೋಡುತ್ತಿರುತ್ತದೆ. ಹಾಗಾಗಿ ಹಾಕಿದ ಬಲವೆಲ್ಲ ಎದೆಯನ್ನು ಎತ್ತಲು ಹೋಗುತ್ತದೆ. ಎದೆ ಎದ್ದರೆ ಕಾಲು ಮುಳುಗಲೇಬೇಕು. ನಮ್ಮ ಮೈ ನೀರಿನಲ್ಲಿ ತಕ್ಕಡಿಯ ಹಾಗೆ, ಗಾಳಿ ತುಂಬಿದ ಎದೆಯೇ ಅದರ ನಡು. ಕಾಲು ಕೆಳಗೆ ಜೋತರೆ ನೀರು ಎದುರಿನಿಂದ ತಡೆಯುತ್ತದೆ. ನೀವು ಇನ್ನೂ ಜೋರಾಗಿ ಬೀಸುತ್ತೀರಿ, ಎದೆ ಇನ್ನೂ ಏಳುತ್ತದೆ. ನನ್ನ 30 ಕೈಗಳ ಗುಟ್ಟು ಇದೇ ಆಗಿತ್ತು.

ಕಾಲು ಬಡಿದು ಸರಿ ಮಾಡುತ್ತೇನೆ ಅಂದುಕೊಳ್ಳಬೇಡಿ. ಫ್ರೀಸ್ಟೈಲ್‌ನಲ್ಲಿ ಮೈಯನ್ನು ಮುಂದೆ ಒಯ್ಯುವ ಬಲದ ದೊಡ್ಡ ಪಾಲು ಕೈಗಳದ್ದು. ಕಾಲಿನ ಕೆಲಸ ಹೆಚ್ಚಾಗಿ ಮೈ ಮಟ್ಟಸವಾಗಿ ಇಡುವುದು. ದೊಡ್ಡ ತೊಡೆ ಸ್ನಾಯುಗಳು ಉಸಿರನ್ನೂ ಬೇಗ ತಿಂದುಹಾಕುತ್ತವೆ.

ಕೊಕ್ಕೆ ಹಾಕುವುದು

ಕೈ ಚಾಚಿದ ಮೇಲೆ, ಎಳೆಯುವುದಕ್ಕೆ ಮೊದಲು, ಅಂಗೈಯನ್ನೂ ಮುಂಗೈಯನ್ನೂ ಹಿಂದಕ್ಕೆ ತಿರುಗಿಸಿ ನೀರನ್ನು ಹಿಡಿಯುವ ಹಂತ ಒಂದಿದೆ. ಇದಕ್ಕೆ ಕ್ಯಾಚ್ ಅನ್ನುತ್ತಾರೆ. ಸುಮಾರು ಅರ್ಧ ಸೆಕೆಂಡಿನ ಆಟ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಚೀಲ ಸರಿಸುವುದನ್ನು ನೋಡಿದ್ದೀರಲ್ವಾ? ಮೊದಲು ಕೊಕ್ಕೆ ಚೀಲಕ್ಕೆ ಕಚ್ಚಬೇಕು, ಆಮೇಲೆ ಸೊಂಟ ತಿರುಗಿಸಿ ಎಳೆಯುತ್ತಾರೆ. ಕೊಕ್ಕೆ ಸಿಗದೆ ಸೊಂಟ ತಿರುಗಿಸಿದರೆ ಖಾಲಿ ಕೈಯೊಂದೇ ಹಿಂದೆ ಬರುತ್ತದೆ. ಕ್ಯಾಚ್ ಅಂದರೆ ಆ ಕಚ್ಚುವ ಕೆಲಸ. ಕೊಕ್ಕೆ ಅಂದರೆ ಬರೀ ಅಂಗೈ ಅಲ್ಲ ಅನ್ನುವುದು ನೆನಪಿರಲಿ. ಬೆರಳ ತುದಿಯಿಂದ ಮೊಣಕೈವರೆಗೂ ಒಂದೇ ಹಲಗೆ.

ಇದನ್ನು ಮೊದಲು ನಿಂತು ಕಲಿಯಿರಿ. ಎದೆಮಟ್ಟದ ನೀರಿನಲ್ಲಿ ನಿಂತು, ಸೊಂಟ ಬಗ್ಗಿಸಿ, ಮುಖ ನೀರಿನಲ್ಲಿಡಿ. ಕಣ್ಣಿಗೆ ಗಾಗಲ್ ಇರಲಿ, ಕೈ ಕಾಣಬೇಕು. ಬಲಗೈಯನ್ನು ಬಲ ಭುಜದ ನೇರಕ್ಕೆ ಮುಂದೆ ಚಾಚಿ, ನೀರಿನ ಮೇಲ್ಮೈಯಿಂದ ಒಂದು ಗೇಣು ಕೆಳಗೆ. ಈಗ ಬೆರಳ ತುದಿಗಳು ನೆಲದ ಕಡೆ ಇಳಿಯಲಿ. ಹಿಂದೆಯೇ ಮಣಿಕಟ್ಟು, ಅದರ ಹಿಂದೆ ಮುಂಗೈ. ಮೊಣಕೈ ಮಾತ್ರ ಇದ್ದಲ್ಲೇ, ಮೇಲ್ಮೈ ಹತ್ತಿರವೇ ಇರಬೇಕು. ಎದುರಿಗೆ ಜೋಳದ ಚೀಲ ಅಡ್ಡ ಬಿದ್ದಿದೆ, ಅದರ ಮೇಲಿಂದ ತೋಳು ಹಾಕಿ ತಬ್ಬುತ್ತಿದ್ದೀರಿ ಅಂದುಕೊಳ್ಳಿ. ಚೀಲವಿದ್ದರೆ ಮೊಣಕೈ ಬೀಳುವುದಕ್ಕೆ ಜಾಗವೇ ಇಲ್ಲ.

ಮುಂಗೈ ನೆಟ್ಟಗೆ ನಿಂತಾಗ ಅಂಗೈ ಹಿಂದಿನ ಗೋಡೆಯನ್ನು ನೋಡುತ್ತಿರಬೇಕು. ಆಗ ನಿಧಾನಕ್ಕೆ ಸೊಂಟದ ಕಡೆ ತಳ್ಳಿ. ಒಂದು ದೊಡ್ಡ ತೂಕದ ವಸ್ತು ಕೈಗೆ ಸಿಕ್ಕ ಹಾಗೆ ಆಗುತ್ತದೆ. ನೀವೇ ಒಂದು ಹೆಜ್ಜೆ ಮುಂದೆ ನಡೆದುಬಿಡುತ್ತೀರಿ. ನನಗೆ ಮೊದಲ ಸಲ ಹಾಗಾದಾಗ, ಹಿಂದಿನಿಂದ ಯಾರೋ ತಳ್ಳಿದರು ಅಂತ ತಿರುಗಿ ನೋಡಿದ್ದೆ.

ಬೆರಳುಗಳನ್ನು ಬಿಗಿಯಾಗಿ ಜೋಡಿಸಬೇಕಿಲ್ಲ. ಸಣ್ಣ ಸಂದಿ ಇದ್ದರೂ ನೀರು ಅದರೊಳಗೆ ಸುಲಭವಾಗಿ ನುಗ್ಗುವುದಿಲ್ಲ, ಮುಂಗೈಯೂ ಸಡಿಲವಾಗಿರುತ್ತದೆ.

ಇನ್ನು ವೇಗ. ಕೈ ಎರಡು ಪಟ್ಟು ವೇಗವಾಗಿ ಸರಿದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಇದನ್ನು ಕೇಳಿ ಶುರುವಿನಲ್ಲೇ ಕೈ ಕಿತ್ತುಕೊಂಡರೆ ಕೆಟ್ಟಿರಿ, ಯಾಕೆಂದರೆ ಆಗ ಅಂಗೈ ಇನ್ನೂ ಕೆಳಗೆ ನೋಡುತ್ತಿರುತ್ತದೆ, ಆ ನಾಲ್ಕು ಪಟ್ಟೂ ಕೆಳಕ್ಕೇ ಹೋಗುತ್ತದೆ. ಹಿಡಿಯುವಾಗ ಸಾವಕಾಶ, ಸೊಂಟ ದಾಟುವಾಗ ಜೋರು.

ಮೈ ಎಷ್ಟು ತಿರುಗಬೇಕು?

ಹೊಟ್ಟೆ ನೆಲಕ್ಕೆ ಮಾಡಿ ಚಪ್ಪಟೆ ಮಲಗಿ, ಕೈ ಮುಂದೆ ಚಾಚಿ ಮೊಣಕೈ ಎತ್ತಲು ನೋಡಿ. ಭುಜದ ಕೀಲು ಒಪ್ಪುವುದೇ ಇಲ್ಲ. ಅದೇ ಮೈ ಸ್ವಲ್ಪ ಓರೆಯಾದರೆ ಭುಜ ಮುಂದೆ ಸರಿಯುತ್ತದೆ, ಮೊಣಕೈಗೆ ಜಾಗ ಸಿಗುತ್ತದೆ. ಬಗಲಿನ ಕೆಳಗಿನ ಬೆನ್ನಿನ ದೊಡ್ಡ ಸ್ನಾಯು ಕೆಲಸಕ್ಕೆ ಬರುತ್ತದೆ. ಬರೀ ಭುಜದಿಂದ ಎಳೆಯುವವರಿಗೆ ಭುಜ ನೋವು ತಪ್ಪಿದ್ದಲ್ಲ. ನೀರಿನ ಮೇಲೆ ಕೈ ಮುಂದೆ ತರುವುದೂ, ಉಸಿರು ತೆಗೆದುಕೊಳ್ಳುವುದೂ ಓರೆ ಮೈಯಲ್ಲಿ ಸಲೀಸು.

ಎಷ್ಟು ಓರೆ? ಗಡಿಯಾರ ನೆನೆಸಿಕೊಳ್ಳಿ. ಹೊಕ್ಕಳು ನೇರ ನೆಲ ನೋಡಿದರೆ 6 ಗಂಟೆ. ಒಂದು ಸಲ 5ರ ಕಡೆ, ಇನ್ನೊಂದು ಸಲ 7ರ ಕಡೆ ತಿರುಗಿದರೆ 30 ಡಿಗ್ರಿ ಆಯಿತು. ಭುಜ ಇನ್ನೂ ಸ್ವಲ್ಪ ಜಾಸ್ತಿ, 45ರವರೆಗೆ ತಿರುಗಬಹುದು. ಅದಕ್ಕಿಂತ ಹೆಚ್ಚು ಬೇಡ. ಪೂರ್ತಿ ಮಗ್ಗುಲಾದರೆ ಮೈ ಹೊಯ್ದಾಡುತ್ತದೆ, ಅದನ್ನು ತಡೆಯಲು ಮುಂದಿನ ಕೈ ನೀರನ್ನು ಕೆಳಕ್ಕೋ ಪಕ್ಕಕ್ಕೋ ಒತ್ತುತ್ತದೆ. ಕೊಕ್ಕೆ ಅಲ್ಲೇ ಜಾರಿತು. ತಲೆ ಮಾತ್ರ ತಿರುಗಬಾರದು, ಉಸಿರಿನ ಹೊತ್ತು ಬಿಟ್ಟು.

ಅಭ್ಯಾಸ ಹೀಗೆ. ಬಲಗೈ ಮುಂದೆ, ಎಡಗೈ ತೊಡೆಯ ಪಕ್ಕ, ಬಲ ಮಗ್ಗುಲು ಸ್ವಲ್ಪ ಕೆಳಗೆ. ಆರು ಸಲ ಕಾಲು ಬಡಿಯಿರಿ. ಆಮೇಲೆ ಎಡಗೈಯನ್ನು ನೀರಿನ ಮೇಲಿಂದ ಮುಂದೆ ತನ್ನಿ. ಅದು ಕಿವಿ ದಾಟುವವರೆಗೂ ಬಲಗೈ ಮುಂದೆಯೇ ಕಾಯುತ್ತಿರಲಿ. ದಾಟಿದ ಕೂಡಲೇ ಬಲಗೈ ಕೊಕ್ಕೆ ಹಾಕಬೇಕು. ಎಡಗೈ ನೀರಿಗಿಳಿದು ಮುಂದೆ ಚಾಚುತ್ತಿದ್ದ ಹಾಗೆ ಎಡ ಮಗ್ಗುಲು ಕೆಳಗಿಳಿಯುತ್ತದೆ, ಬಲ ಸೊಂಟ ಮೇಲೇಳುತ್ತದೆ, ಬಲಗೈ ಹಿಂದಕ್ಕೆ ತಳ್ಳುತ್ತದೆ. ಮತ್ತೆ ಆರು ಕಿಕ್. ನನಗೆ ಇದು ಕೂಡಿಬರಲು ಹತ್ತು ದಿನ ಬೇಕಾಯಿತು. ಸೊಂಟ ಮೊದಲು ತಿರುಗಿಬಿಡುತ್ತಿತ್ತು, ಕೈ ಹಿಂದೆ ಉಳಿಯುತ್ತಿತ್ತು. "ಸರ, ಕೊಕ್ಕಿ ಹಾಕ್ರಿ, ಆಮ್ಯಾಲ ಹೊಳ್ಳ್ರಿ" ಅಂತ ಕೋಚ್ ದಂಡೆಯಿಂದ ಕೂಗುತ್ತಲೇ ಇರುತ್ತಿದ್ದರು. ತಿರುಗುವುದರಿಂದಲೇ ವೇಗ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಕೈಯಲ್ಲಿ ನೀರು ಇಲ್ಲದಿದ್ದರೆ ಸುಮ್ನೆ ಹೊರಳಾಡಿದ ಹಾಗೆ, ಅಷ್ಟೇ.

ಎಲ್ಲಿ ತಪ್ಪುತ್ತಿದೆ ಅಂತ ತಿಳಿಯುವುದು

ಮುಷ್ಟಿ ಬಿಗಿದು 25 ಮೀಟರ್ ಈಜಿ. ಅಂಗೈ ಇಲ್ಲದ್ದರಿಂದ ಮುಂಗೈಯೇ ಹಿಡಿಯಬೇಕು. ಮೊಣಕೈ ಬೀಳಿಸುವವರು ಇದ್ದಲ್ಲೇ ಒದ್ದಾಡುತ್ತಾರೆ. ನಡುವೆ ಮುಷ್ಟಿ ಬಿಚ್ಚಿ ನೋಡಿ, ಕೈಗೆ ಮೊರ ಕಟ್ಟಿದಷ್ಟು ದೊಡ್ಡದಾಗಿ ಅನಿಸುತ್ತದೆ.

ನೀರಿನೊಳಗೆ ಕೈ ಹಿಂದೆ ಗುಳ್ಳೆಗಳ ಸಾಲು ಬರುತ್ತಿದ್ದರೆ ಕೈಯನ್ನು ಮೇಲಿಂದ ಬಡಿಯುತ್ತಿದ್ದೀರಿ, ಗಾಳಿಯೂ ಒಳಗೆ ಹೋಗಿದೆ. ಗಾಳಿಯನ್ನು ಹಿಡಿದು ಎಳೆಯಲಾಗದು. ಬೆರಳ ತುದಿ ಮೊದಲು ಇಳಿಯಲಿ, ಆಮೇಲೆ ಒಂದು ಕ್ಷಣ ಮುಂದೆ ಚಾಚಿ, ಗುಳ್ಳೆ ಕಳಚಿಕೊಳ್ಳುತ್ತವೆ. ಹೆಬ್ಬೆರಳು ಮೊದಲು ಇಳಿಸುವ ಅಭ್ಯಾಸವಿದ್ದರೆ ಬಿಡಿ, ಭುಜ ಒಳಗೆ ತಿರುಚಿಕೊಂಡು ಕೀಲಿಗೆ ಒತ್ತಡ ಬೀಳುತ್ತದೆ. ಇಳಿದ ಕೈ ತಲೆಯ ನೇರಕ್ಕೋ, ಆಚೆ ಬದಿಗೋ ಹೋದರೆ ಮೈ ಹಾವಿನ ಹಾಗೆ ಹರಿದಾಡುತ್ತದೆ.

ಲೆಕ್ಕವೂ ಇಡಿ. ಗೋಡೆ ಒದ್ದು ಸುಮಾರು 4 ಮೀಟರ್ ತೇಲುತ್ತೇನೆ, ಉಳಿದದ್ದು 21. ಅದಕ್ಕೆ 30 ಕೈ ಅಂದರೆ ಒಂದು ಕೈಗೆ 70 ಸೆಂಟಿಮೀಟರ್. ಐದು ವಾರದ ನಂತರ 24 ಕೈ, 33 ಸೆಕೆಂಡ್. ಒಂದು ಕೈಗೆ 87 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹುರುಪಿಗೆ ಬಿದ್ದು ಇನ್ನೂ ಕಡಿಮೆ ಮಾಡೋಣ ಅಂತ ಒಂದು ದಿನ 20ಕ್ಕೆ ಇಳಿಸಿದೆ. ಸಮಯ ನೋಡಿದರೆ 39 ಸೆಕೆಂಡ್. ಮುಂದಿನ ಕೈ ಚಾಚಿ ಮಲಗಿಬಿಟ್ಟಿದ್ದೆ, ಪ್ರತಿ ಕೈಗೂ ಮೈ ನಿಂತು ನಿಂತು ಹೊರಡುತ್ತಿತ್ತು. ನಿಂತ ಗಾಡಿಯನ್ನು ಮತ್ತೆ ಮತ್ತೆ ತಳ್ಳುವ ಕೆಲಸ. ಹಾಗಾಗಿ ಕೈ ಲೆಕ್ಕವನ್ನೊಂದೇ ನೋಡಬೇಡಿ, ಗಡಿಯಾರವೂ ಜೊತೆಗಿರಲಿ. ಎರಡೂ ಇಳಿದರೆ ಕ್ಯಾಚ್ ಸುಧಾರಿಸಿದೆ. ಕೈ ಇಳಿದು ಸಮಯ ಏರಿದರೆ ಮಧ್ಯೆ ಮಲಗುತ್ತಿದ್ದೀರಿ.

ನನ್ನಲ್ಲಿ ಈಗಲೂ ಉಳಿದಿರುವ ತಪ್ಪು ಉಸಿರಿನದ್ದು. ಬಲಕ್ಕೆ ಉಸಿರು ತೆಗೆಯುವಾಗ ತಲೆ ಎತ್ತುತ್ತೇನೆ. ತಲೆಯ ಭಾರಕ್ಕೆ ಆಸರೆ ಬೇಕಲ್ಲ, ಮುಂದಿರುವ ಎಡಗೈ ನೀರನ್ನು ಕೆಳಕ್ಕೆ ಒತ್ತಿಬಿಡುತ್ತದೆ, ಆ ಒಂದು ಕ್ಯಾಚ್ ಹೋಯಿತು. ಒಂದು ಗಾಗಲ್ ಕಣ್ಣು ನೀರಿನಲ್ಲೇ ಉಳಿಯುವಷ್ಟು ಮಾತ್ರ ತಿರುಗಬೇಕು ಅಂತ ಕೋಚ್ ಹೇಳುತ್ತಾರೆ. ಉಸಿರು ಬಿಗಿಹಿಡಿದು ಈಜಿದ ದಿನ 22 ಕೈ, ಉಸಿರು ತೆಗೆದುಕೊಂಡ ದಿನ 24. ಆ ಎರಡು ಕೈಗಾಗಿ ಈ ವಾರ ಎಡಗೈ ಮುಂದೆ ಚಾಚಿ, ಆರು ಕಿಕ್ ಎಣಿಸುತ್ತಾ, ಕೆನ್ನೆ ನೀರಿನ ಮೇಲೆ ಇಟ್ಟುಕೊಂಡೇ ಲೇನ್ ಮುಗಿಸುತ್ತಿದ್ದೇನೆ. ಬಾಯಿಗೆ ನೀರು ಬರುತ್ತದೆ.